ಹಿಂದಿನ ತಟ್ಟೆಯ ‘1855’ ಗಡಿಯಾರ ಹುಟ್ಟಿದ ವರ್ಷ ಅಲ್ಲ

ಪ್ರಶ್ನೆ: ನಮ್ಮ ಮುತ್ತಾತನ ಕಾಲದ ಕಪ್ಪು ಕಲ್ಲಿನ ಮೇಜಿನ ಗಡಿಯಾರ ಮನೆಯಲ್ಲಿದೆ. ಕೀ ಕೊಡೋಕೆ ಎರಡು ತೂತು, 12ರ ಮೇಲೆ ಇನ್ನೊಂದು ಪುಟ್ಟ ತೂತು. ಹಿಂದಿನ ಬಾಗಿಲು ತೆಗೆದರೆ ದುಂಡು ಹಿತ್ತಾಳೆ ತಟ್ಟೆ, ಅದರ ಮೇಲೆ ‘ಜಾಪಿ ಫ್ರೇರ್, 1855’ ಅಂತ ಮುದ್ರೆ, ಕೆಳಗೆ 3264, ಅದರ ಕೆಳಗೆ ‘4 8’. ಬೆಲ್ ಬಿಚ್ಚಿದರೆ ಅಂಚಲ್ಲಿ ಕಚ್ಚು ಕಚ್ಚಾಗಿರುವ ಒಂದು ಚಕ್ರ ಕಾಣುತ್ತೆ. ಪೆಂಡುಲಂ ಗುಂಡಿನ ಹಿಂದೆ ಮಾತ್ರ 911 ಅಂತ ಇದೆ. ದಿನಕ್ಕೆ ಅರ್ಧ ಗಂಟೆ ಮುಂದೆ ಓಡುತ್ತೆ, ಎಷ್ಟು ತಿರುಗಿಸಿದರೂ ಸರಿಹೋಗಲ್ಲ. ಇದು 1855ರದ್ದೇನಾ?

ಉತ್ತರ: 1855ರದ್ದಲ್ಲ, ಅದಕ್ಕಿಂತ ಈಚಿನದು. ನೀವು ಬರೆದ ಗುರುತುಗಳನ್ನೆಲ್ಲ ಸೇರಿಸಿ ನೋಡಿದರೆ 1860ರಿಂದ 1885ರ ನಡುವಿನ ಫ್ರೆಂಚ್ ಗಡಿಯಾರ ಅನ್ನಿಸುತ್ತದೆ. ಇದನ್ನು ನಾನು ಹೇಗೆ ಲೆಕ್ಕ ಹಾಕಿದೆ ಅಂತ ಹಂತ ಹಂತವಾಗಿ ಹೇಳುತ್ತೇನೆ. ಪ್ರತಿ ಹಂತವನ್ನೂ ನೀವೇ ನಿಮ್ಮ ಗಡಿಯಾರದ ಮುಂದೆ ಕೂತು ಪರೀಕ್ಷೆ ಮಾಡಬಹುದು.

ಮೊದಲು ಆ ಮುದ್ರೆಯ ವಿಷಯ. ಜಾಪಿ ಅನ್ನುವುದು ಫ್ರಾನ್ಸಿನ ಪೂರ್ವದಲ್ಲಿ, ಬೋಕೂರ್ ಎಂಬ ಊರಿನಲ್ಲಿದ್ದ ದೊಡ್ಡ ಕಾರ್ಖಾನೆ. ಅಲ್ಲಿ ಗಡಿಯಾರದ ಒಳಗಿನ ಯಂತ್ರಗಳನ್ನು ಭಾರೀ ಸಂಖ್ಯೆಯಲ್ಲಿ ಮಾಡುತ್ತಿದ್ದರು. 1855ರಲ್ಲಿ ಪ್ಯಾರಿಸ್‌ನಲ್ಲಿ ಜಾಗತಿಕ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಸಿಕ್ಕ ಪದಕದ ಹೆಸರನ್ನು ಕಾರ್ಖಾನೆಯವರು ಆಮೇಲೆ ಎಷ್ಟೋ ವರ್ಷ ತಮ್ಮ ಯಂತ್ರಗಳ ಮೇಲೆ ಒತ್ತುತ್ತಾ ಬಂದರು. ಹಾಗಾಗಿ ಆ ವರ್ಷ ಹೇಳುವುದು ಒಂದೇ ಮಾತು: ಈ ಯಂತ್ರ 1855ಕ್ಕಿಂತ ಹಿಂದಿನದಲ್ಲ. ಎಷ್ಟು ಈಚಿನದು ಅನ್ನುವುದಕ್ಕೆ ಮುದ್ರೆ ಉತ್ತರ ಕೊಡುವುದಿಲ್ಲ. ಅದನ್ನು ಯಂತ್ರದಿಂದಲೇ ಓದಬೇಕು.

ಯಂತ್ರವನ್ನು ಓದುವಾಗ ಒಂದು ವಿಷಯ ಸದಾ ತಲೆಯಲ್ಲಿರಲಿ. ನೂರೈವತ್ತು ವರ್ಷದಲ್ಲಿ ಈ ಗಡಿಯಾರ ಎಷ್ಟು ಜನ ರಿಪೇರಿಯವರ ಕೈ ದಾಟಿದೆಯೋ ಗೊತ್ತಿಲ್ಲ. ಸುಲಭವಾಗಿ ಬದಲಾಯಿಸಬಹುದಾದ ಭಾಗ ಬದಲಾಗಿರುವ ಸಾಧ್ಯತೆ ಜಾಸ್ತಿ. ಪೆಂಡುಲಂ ಕೊಕ್ಕೆಯಿಂದ ತೆಗೆದರೆ ಬರುತ್ತದೆ, ಅದು ಎಲ್ಲಕ್ಕಿಂತ ಸುಲಭವಾಗಿ ಕಳೆದುಹೋಗುವ ವಸ್ತು. ಪೆಂಡುಲಂ ನೇತಾಡುವ ಜಾಗದ ಸ್ಪ್ರಿಂಗ್ ಮುರಿದರೆ ಹೊಸದು ಹಾಕುತ್ತಾರೆ. ಪೆಂಡುಲಂ ಲಯಕ್ಕೆ ತಕ್ಕಂತೆ ಚಕ್ರವನ್ನು ತಡೆದು ತಡೆದು ಬಿಡುವ ಭಾಗಕ್ಕೆ ಎಸ್ಕೇಪ್‌ಮೆಂಟ್ ಅನ್ನುತ್ತಾರೆ, ಅದನ್ನು ಬದಲಾಯಿಸಲು ಸಾಕಷ್ಟು ಕೆಲಸ ಬೇಕು. ಗಂಟೆ ಹೊಡೆಯುವ ವ್ಯವಸ್ಥೆಯನ್ನು ಬದಲಾಯಿಸಲು ತಟ್ಟೆಗಳಲ್ಲೇ ಹೊಸ ತೂತು ಕೊರೆದು, ಹೊಸ ಸನ್ನೆಗಳನ್ನು ಕೂರಿಸಬೇಕು. ಅಷ್ಟು ಕಷ್ಟ ಯಾರೂ ಪಡುವುದಿಲ್ಲ. ಅದಕ್ಕೇ ಕಾಲ ಹೇಳುವ ವಿಷಯದಲ್ಲಿ ನಾನು ಗಂಟೆ ಹೊಡೆಯುವ ಭಾಗವನ್ನು ಎಲ್ಲಕ್ಕಿಂತ ಹೆಚ್ಚು ನಂಬುತ್ತೇನೆ, ಪೆಂಡುಲಂ ಅನ್ನು ಎಲ್ಲಕ್ಕಿಂತ ಕಡಿಮೆ. ಮತ್ತು ಭಾಗಗಳಿಗಿಂತ ತಟ್ಟೆಯಲ್ಲಿರುವ ತೂತುಗಳನ್ನು ಹೆಚ್ಚು ನಂಬುತ್ತೇನೆ. ಕೆಲಸವಿಲ್ಲದೆ ಖಾಲಿ ಬಿದ್ದಿರುವ ತೂತು ಅಂದರೆ ಅಲ್ಲಿ ಹಿಂದೆ ಏನೋ ಇತ್ತು ಅಂತ ಅರ್ಥ. ಹಿತ್ತಾಳೆ ತುಂಬಿ ಮುಚ್ಚಿದ ತೂತೂ ಅಷ್ಟೇ. ಬೆಳಕನ್ನು ಓರೆಯಾಗಿ ಬಿಟ್ಟರೆ ಮುಚ್ಚಿದ ಜಾಗದ ದುಂಡು ಅಂಚು ತೆಳುವಾಗಿ ಕಾಣುತ್ತದೆ.

ಇನ್ನು ನಿಮ್ಮ ಗಡಿಯಾರದ ಗಂಟೆಯ ಭಾಗಕ್ಕೆ ಬರೋಣ. ಬೆಲ್ ಬಿಚ್ಚಿದಾಗ ಕಂಡ ಆ ಕಚ್ಚು ಚಕ್ರಕ್ಕೆ ಕೌಂಟ್ ವೀಲ್ ಅನ್ನುತ್ತಾರೆ. ಎಷ್ಟು ಸಲ ಹೊಡೆಯಬೇಕು ಅನ್ನುವ ಲೆಕ್ಕ ಇರುವುದು ಅದರ ಅಂಚಿನಲ್ಲೇ. ಒಂದು ಸನ್ನೆಯ ಮೂತಿ ಆ ಅಂಚಿನ ಮೇಲೆ ಸವರಿಕೊಂಡು ಹೋಗುತ್ತದೆ. ಮೂತಿ ಉಬ್ಬಿನ ಮೇಲೆ ಇರುವವರೆಗೂ ಸುತ್ತಿಗೆ ಹೊಡೆಯುತ್ತಲೇ ಇರುತ್ತದೆ. ಮೂತಿ ಕಚ್ಚಿನೊಳಗೆ ಬಿದ್ದಾಗ ನಿಲ್ಲುತ್ತದೆ. ಎರಡು ಗಂಟೆಗೆ ಚಿಕ್ಕ ಉಬ್ಬು, ಮೂರಕ್ಕೆ ಇನ್ನೂ ಸ್ವಲ್ಪ ಉದ್ದ, ಹನ್ನೆರಡಕ್ಕೆ ಎಲ್ಲಕ್ಕಿಂತ ಉದ್ದ. ಅರ್ಧ ಗಂಟೆಯ ಒಂದೊಂದು ಹೊಡೆತಕ್ಕೆ ಬೇರೆ ಉಬ್ಬು ಇರುವುದಿಲ್ಲ. ಕಚ್ಚನ್ನೇ ಅಗಲ ಮಾಡಿರುತ್ತಾರೆ, ಚಕ್ರ ಒಂದು ಹೆಜ್ಜೆ ಮುಂದೆ ಹೋದರೂ ಮೂತಿ ಅದೇ ಕಚ್ಚಿನಲ್ಲಿ ಉಳಿಯುತ್ತದೆ. ಹನ್ನೆರಡೂವರೆ, ಒಂದು, ಒಂದೂವರೆ, ಈ ಮೂರಕ್ಕೂ ಸಾಲಾಗಿ ಒಂದೊಂದೇ ಹೊಡೆತ ಅಲ್ವಾ? ಅದಕ್ಕೇ ಹನ್ನೆರಡರ ಉದ್ದ ಉಬ್ಬಿನ ಪಕ್ಕದ ಕಚ್ಚು ಮಿಕ್ಕವಕ್ಕಿಂತ ಅಗಲವಾಗಿರುತ್ತದೆ. ನಿಮ್ಮ ಚಕ್ರದಲ್ಲಿ ಅದನ್ನು ಹುಡುಕಿ ನೋಡಿ. 12 ಗಂಟೆ ಕಾಲದಲ್ಲಿ ಒಟ್ಟು 90 ಹೊಡೆತ, 78 ಪೂರ್ತಿ ಗಂಟೆಯವು, 12 ಅರ್ಧ ಗಂಟೆಯವು. ಅಷ್ಟು ಹೊತ್ತಿಗೆ ಚಕ್ರ ಒಂದು ಸುತ್ತು ಮುಗಿಸುತ್ತದೆ.

ಈ ಚಕ್ರಕ್ಕೂ ಮುಳ್ಳುಗಳಿಗೂ ನೇರ ಸಂಬಂಧವಿಲ್ಲ. ಮುಳ್ಳು ತನ್ನ ಪಾಡಿಗೆ ಹೋಗುತ್ತದೆ, ಹೊತ್ತಾದಾಗ ಸನ್ನೆಯನ್ನು ಎತ್ತಿಬಿಡುತ್ತದೆ ಅಷ್ಟೇ. ಎಷ್ಟು ಹೊಡೆಯಬೇಕು ಅನ್ನುವುದು ಚಕ್ರ ಎಲ್ಲಿ ನಿಂತಿತ್ತೋ ಅದರ ಮೇಲೆ ಹೋಗುತ್ತದೆ. ಹಾಗಾಗಿ ಸ್ಪ್ರಿಂಗ್ ಇಳಿದುಹೋದಾಗ, ಅಥವಾ ಹೊಡೆದು ಮುಗಿಯುವ ಮುಂಚೆ ಅವಸರದಲ್ಲಿ ಮುಳ್ಳು ತಿರುಗಿಸಿದಾಗ ಲೆಕ್ಕ ತಪ್ಪುತ್ತದೆ. ಆಮೇಲೆ ಮೂರು ಗಂಟೆಗೆ ಐದು ಹೊಡೆಯುತ್ತಾ ಕೂರುತ್ತದೆ, ತಾನಾಗಿ ಸರಿಹೋಗುವುದಿಲ್ಲ. ಇದನ್ನು ‘ಗಂಟೆ ಕೆಟ್ಟಿದೆ’ ಅಂತ ಎಷ್ಟೋ ಮನೆಗಳಲ್ಲಿ ಹೊಡೆಯುವ ಕಡೆಗೆ ಕೀ ಕೊಡುವುದನ್ನೇ ನಿಲ್ಲಿಸಿರುತ್ತಾರೆ. ಕೆಟ್ಟಿರುವುದಿಲ್ಲ. ಹಿಂದಿನಿಂದ ಆ ಮೂತಿಯ ಸನ್ನೆಯನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ಬಿಟ್ಟರೆ ಚಕ್ರದಲ್ಲಿ ಮುಂದಿನ ಸರದಿ ಯಾವುದೋ ಅಷ್ಟು ಹೊಡೆದು ನಿಲ್ಲುತ್ತದೆ. ಮುಳ್ಳು ತೋರಿಸುವ ಗಂಟೆಗೆ ಹೊಂದುವವರೆಗೂ ಹಾಗೇ ಮಾಡುತ್ತಾ ಹೋಗಬೇಕು.

ಇನ್ನೊಂದು ವ್ಯವಸ್ಥೆ ರ್‍ಯಾಕ್. ಇದರಲ್ಲಿ ಗಂಟೆ ಮುಳ್ಳಿನ ಜೊತೆಗೇ ತಿರುಗುವ, ಬಸವನ ಹುಳುವಿನ ಚಿಪ್ಪಿನ ಆಕಾರದ ಒಂದು ತುಂಡು ಇರುತ್ತದೆ, ಅದಕ್ಕೆ 12 ಮೆಟ್ಟಿಲು. ಹೊತ್ತಾದಾಗ ಹಲ್ಲುಗಳಿರುವ ಒಂದು ತೋಳು ಆ ಮೆಟ್ಟಿಲ ಮೇಲೆ ಬೀಳುತ್ತದೆ. ಎಷ್ಟು ಆಳಕ್ಕೆ ಬಿತ್ತೋ ಅಷ್ಟು ಸಲ ಗಂಟೆ ಹೊಡೆಯುತ್ತದೆ. ಮುಳ್ಳಿಗೂ ಹೊಡೆತಕ್ಕೂ ನೇರ ಸಂಬಂಧ ಇರುವುದರಿಂದ ಲೆಕ್ಕ ತಪ್ಪುವುದಿಲ್ಲ. ಇದೆಲ್ಲ ಮುಂದಿನ ತಟ್ಟೆಯ ಮೇಲೆ, ಡಯಲ್‌ನ ಹಿಂದೆ ಅಡಗಿರುತ್ತದೆ. ಹಿಂದಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಗಂಟೆ ಹೊಡೆಯುವ ಫ್ರೆಂಚ್ ಗಡಿಯಾರದ ಹಿಂದಿನ ತಟ್ಟೆ ಬೋಳಾಗಿದ್ದರೆ ಮುಂದೆ ರ್‍ಯಾಕ್ ಇದೆ ಅಂತ ಊಹಿಸಬಹುದು.

ಕಾಲದ ಲೆಕ್ಕ ಇಲ್ಲಿಂದ ಶುರು. ನಿಮ್ಮದರಂಥ ದುಂಡು ತಟ್ಟೆಯ ಫ್ರೆಂಚ್ ಯಂತ್ರಗಳಲ್ಲಿ ಸುಮಾರು 1880ರವರೆಗೂ ಕೌಂಟ್ ವೀಲೇ ಸಾಮಾನ್ಯ. ಆಮೇಲೆ ರ್‍ಯಾಕ್ ಬರತೊಡಗಿ, ಶತಮಾನ ಮುಗಿಯುವ ಹೊತ್ತಿಗೆ ಅದೇ ಹೆಚ್ಚಾಯಿತು. ಇದು ಒಂದೇ ದಿನ ಆದ ಬದಲಾವಣೆ ಅಲ್ಲ. ಹತ್ತು ಹದಿನೈದು ವರ್ಷ ಎರಡೂ ಒಟ್ಟಿಗೆ ನಡೆದವು. ಹಾಗಾಗಿ ಕೌಂಟ್ ವೀಲ್ ಕಂಡರೆ ‘ಬಹುಮಟ್ಟಿಗೆ 1890ಕ್ಕಿಂತ ಹಿಂದೆ’ ಅನ್ನಬಹುದು. ಅದಕ್ಕಿಂತ ಬಿಗಿಯಾದ ಮಾತು ಹೇಳಿದರೆ ಯಂತ್ರ ಹೇಳದ್ದನ್ನು ನಾವು ಹೇಳಿದ ಹಾಗೆ.

ಇಲ್ಲಿ ಜನ ತುಂಬ ಸಲ ಎಡವುತ್ತಾರೆ. ಈ ನಿಯಮ ಫ್ರೆಂಚ್ ಮೇಜಿನ ಗಡಿಯಾರಕ್ಕೆ ಮಾತ್ರ. ರ್‍ಯಾಕ್ ಕಂಡುಹಿಡಿದದ್ದು ಇಂಗ್ಲೆಂಡಿನಲ್ಲಿ, 1676ರಲ್ಲಿ, ಎಡ್ವರ್ಡ್ ಬಾರ್ಲೋ ಎಂಬ ಪಾದ್ರಿ ಅಂತ ಇತಿಹಾಸ ಹೇಳುತ್ತದೆ. 18ನೇ ಶತಮಾನದ ಇಂಗ್ಲಿಷ್ ಮೇಜಿನ ಗಡಿಯಾರದಲ್ಲಿ ರ್‍ಯಾಕ್ ಇರುವುದು ಮಾಮೂಲು. ಅದೇ ಅಮೆರಿಕದ ಅಗ್ಗದ ಗಡಿಯಾರಗಳಲ್ಲಿ 20ನೇ ಶತಮಾನ ಬಂದ ಮೇಲೂ ಕೌಂಟ್ ವೀಲ್ ಉಳಿದಿತ್ತು. ಅಂದರೆ ಕೌಂಟ್ ವೀಲ್ ಇರುವ ಅಮೆರಿಕನ್ ಗಡಿಯಾರ, ರ್‍ಯಾಕ್ ಇರುವ ಇಂಗ್ಲಿಷ್ ಗಡಿಯಾರಕ್ಕಿಂತ ನೂರೈವತ್ತು ವರ್ಷ ಚಿಕ್ಕದಿರಬಹುದು! ಮೊದಲು ಯಾವ ದೇಶದ ಯಂತ್ರ ಅಂತ ಗೊತ್ತಾಗಬೇಕು, ಆಮೇಲೆ ಕಾಲದ ಮಾತು. ನಿಮ್ಮ ವಿಷಯದಲ್ಲಿ ಮುದ್ರೆ ಇದೆ, ದುಂಡು ತಟ್ಟೆ ಇದೆ, ದೇಶದ ಬಗ್ಗೆ ಅನುಮಾನವಿಲ್ಲ.

ಬೆಲ್ ಇರುವುದೂ ಇದೇ ಕಡೆಗೆ ಬೊಟ್ಟು ಮಾಡುತ್ತದೆ. ಫ್ರೆಂಚ್ ಗಡಿಯಾರಗಳಲ್ಲಿ ಬಟ್ಟಲಿನಾಕಾರದ ಬೆಲ್ ಮೊದಲು, ಸುರುಳಿ ಸುತ್ತಿದ ಉಕ್ಕಿನ ತಂತಿಯ ಗಾಂಗ್ ಆಮೇಲೆ. 1880ರ ದಶಕದ ಹೊತ್ತಿಗೆ ಗಾಂಗ್‌ನ ತಗ್ಗಿದ ದನಿ ಜನರಿಗೆ ಇಷ್ಟವಾಗಿ ಅದೇ ಹೆಚ್ಚಾಯಿತು. ಆದರೆ ಈ ಸಾಕ್ಷಿ ಅಷ್ಟು ಗಟ್ಟಿಯಲ್ಲ. ಬೆಲ್ ತೆಗೆದು ಗಾಂಗ್ ಹಾಕುವುದು ಒಂದು ಮಧ್ಯಾಹ್ನದ ಕೆಲಸ. ಹಾಗೆ ಮಾಡಿದ್ದರೆ ಹಿಂದಿನ ತಟ್ಟೆಯಲ್ಲಿ ಬೆಲ್ ಕಂಬ ಕೂತಿದ್ದ ಸ್ಕ್ರೂ ತೂತು ಖಾಲಿ ಉಳಿದಿರುತ್ತದೆ. ಸುತ್ತಿಗೆಯ ತಲೆಯನ್ನೂ ನೋಡಿ. ಬೆಲ್‌ಗೆ ಬರಿ ಲೋಹದ ತಲೆ, ಗಾಂಗ್‌ಗೆ ಸಾಮಾನ್ಯವಾಗಿ ತೊಗಲು ಅಂಟಿಸಿದ ತಲೆ. ನಿಮ್ಮದರಲ್ಲಿ ಬೆಲ್ ತನ್ನ ಕಂಬದ ಮೇಲೇ ಇದ್ದು, ಸುತ್ತಿಗೆ ಅದರ ಅಂಚಿಗೆ ಸರಿಯಾಗಿ ತಾಗುತ್ತಿದ್ದರೆ ಅದು ಮೂಲದ್ದೇ ಅನ್ನಬಹುದು. ಸುತ್ತಿಗೆಯ ಕಡ್ಡಿಯನ್ನು ಯಾರಾದರೂ ಬಗ್ಗಿಸಿ ಹೊಂದಿಸಿದ ಹಾಗೆ ಕಂಡರೆ ಮಾತ್ರ ಅನುಮಾನ ಪಡಿ.

ಎಸ್ಕೇಪ್‌ಮೆಂಟ್ ಬಗ್ಗೆ ನೀವು ಏನೂ ಬರೆದಿಲ್ಲ. ಡಯಲ್ ನಡುವೆ ಏನೂ ಆಡುವುದು ಕಾಣುವುದಿಲ್ಲ ಅಂತಲೇ ಭಾವಿಸುತ್ತೇನೆ. ಕೆಲವು ಫ್ರೆಂಚ್ ಗಡಿಯಾರಗಳಲ್ಲಿ ಡಯಲ್‌ನ ಮಧ್ಯ ತೆರೆದಿದ್ದು, ಹಲ್ಲಿನ ಚಕ್ರವೂ ಅದನ್ನು ತಡೆದು ತಡೆದು ಬಿಡುವ ಲಂಗರಿನಂಥ ತುಂಡೂ ಕಣ್ಣಿಗೆ ಕಾಣುತ್ತವೆ. ಲಂಗರಿನ ಎರಡು ತುದಿಗೆ ಕೆಂಪು ಕಲ್ಲಿನ ಅರ್ಧ ದುಂಡನೆಯ ಕಡ್ಡಿಗಳಿರುತ್ತವೆ. ಇದು ಪ್ಯಾರಿಸ್‌ನ ಅಶೀಲ್ ಬ್ರೊಕೊ ಮಾಡಿದ ವಿನ್ಯಾಸ. ಅದು ಇದ್ದರೆ 19ನೇ ಶತಮಾನದ ನಡುವಿನಿಂದ ಈಚೆಗೆ ಅನ್ನಬಹುದು. ನಿಮ್ಮದರಂತೆ ಎಸ್ಕೇಪ್‌ಮೆಂಟ್ ಒಳಗೇ ಅಡಗಿದ್ದರೆ ಅದು ಕಾಲದ ಬಗ್ಗೆ ಏನೂ ಹೇಳುವುದಿಲ್ಲ. ಅಂಥದ್ದನ್ನು ಶತಮಾನದ ಉದ್ದಕ್ಕೂ ಮಾಡಿದ್ದಾರೆ. ಆದರೆ ಅದು ಇನ್ನೊಂದು ಪ್ರಶ್ನೆಗೆ ಉತ್ತರ ಕೊಡುತ್ತದೆ: ಮೂಲ ಯಂತ್ರ ಹಾಗೇ ಉಳಿದಿದೆಯೇ? ಹಿಂದಿನ ತಟ್ಟೆಯ ಮೇಲ್ಭಾಗದಲ್ಲಿ ಲಂಗರಿನ ಅಚ್ಚಿಗೆ ಆಸರೆ ಕೊಡುವ ಒಂದು ಸಣ್ಣ ಹಿತ್ತಾಳೆ ಸೇತುವೆ ಇರುತ್ತದೆ. ಅದರ ಸ್ಕ್ರೂಗಳ ಪಕ್ಕದಲ್ಲಿ ಹಳೆಯ ತೂತು, ಫೈಲ್ ಉಜ್ಜಿದ ಗೀರು, ಹೊಂದದ ಬಣ್ಣ ಇವೆಯೇ ನೋಡಿ. ಯಾವುದೂ ಇಲ್ಲದಿದ್ದರೆ ಒಳ್ಳೆಯದು.

ಈ ತಪಾಸಣೆ ಇಂಗ್ಲಿಷ್ ಗಡಿಯಾರಗಳಲ್ಲಿ ಎಷ್ಟು ಮುಖ್ಯ ಅಂದರೆ, ಅದನ್ನು ಬಿಟ್ಟರೆ ಕಾಲ ನೂರು ವರ್ಷ ತಪ್ಪಿಬಿಡಬಹುದು. ಲಂಗರಿನ ಎಸ್ಕೇಪ್‌ಮೆಂಟ್ 1670ರ ಸುಮಾರಿಗೇ ಬಂದಿದ್ದರೂ, ಅಲ್ಲಿನ ಮೇಜಿನ ಗಡಿಯಾರಗಳಲ್ಲಿ ಅದಕ್ಕೂ ಹಿಂದಿನ ವರ್ಜ್ ಎಂಬ ಬಗೆ ಸುಮಾರು 1800ರವರೆಗೂ ಉಳಿಯಿತು. ವರ್ಜ್‌ನಲ್ಲಿ ಚಕ್ರ ಮಲಗಿರುತ್ತದೆ, ಅದರ ಹಲ್ಲು ಕಿರೀಟದ ಹಾಗೆ ಮೇಲಕ್ಕೆ ನಿಂತಿರುತ್ತವೆ. ಗಡಿಯಾರವನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ದು, ಸ್ವಲ್ಪ ಓರೆಯಾಗಿ ಇಟ್ಟರೂ ಅದು ಓಡುತ್ತಿತ್ತು. ಆಮೇಲಿನವರು ಸಮಯ ಇನ್ನೂ ಸರಿಯಾಗಿರಲಿ ಅಂತ ಅವುಗಳಲ್ಲಿ ತುಂಬವನ್ನು ಲಂಗರಿಗೆ ಬದಲಾಯಿಸಿಬಿಟ್ಟರು. ಈಗಿರುವ ಭಾಗವನ್ನು ಮಾತ್ರ ನೋಡುವವರು ಅಂಥ ಗಡಿಯಾರವನ್ನು 19ನೇ ಶತಮಾನದ್ದು ಅನ್ನುತ್ತಾರೆ. ಮುಚ್ಚಿದ ತೂತುಗಳನ್ನು ನೋಡುವವರು 18ನೇ ಶತಮಾನದ್ದು ಅನ್ನುತ್ತಾರೆ, ಅವರ ಮಾತೇ ಸರಿ.

ಈಗ ಡಯಲ್‌ನಲ್ಲಿ 12ರ ಮೇಲಿರುವ ಆ ಪುಟ್ಟ ತೂತು. ನನಗೆ ಈ ಗಡಿಯಾರಗಳಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಹಳೆಯ ಫ್ರೆಂಚ್ ಗಡಿಯಾರಗಳಲ್ಲಿ ಪೆಂಡುಲಂ ನೇತಾಡುತ್ತಿದ್ದದ್ದು ರೇಷ್ಮೆ ದಾರದಿಂದ. ದಾರದ ಒಂದು ತುದಿ ಗಟ್ಟಿಯಾಗಿ ಕಟ್ಟಿರುತ್ತಿತ್ತು, ಇನ್ನೊಂದು ತುದಿ ಒಂದು ಸಣ್ಣ ಕಡ್ಡಿಗೆ ಸುತ್ತಿರುತ್ತಿತ್ತು. ಕಡ್ಡಿ ತಿರುಗಿಸಿದರೆ ದಾರ ಸುತ್ತಿಕೊಂಡು ಪೆಂಡುಲಂ ಮೇಲೇರುತ್ತದೆ, ಗಡಿಯಾರ ವೇಗವಾಗುತ್ತದೆ. ತೊಂದರೆ ಏನೆಂದರೆ ರೇಷ್ಮೆ ಗಾಳಿಯ ತೇವಕ್ಕೆ ಹಿಗ್ಗುತ್ತದೆ ಕುಗ್ಗುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅಂಥ ಗಡಿಯಾರ ಹೇಗೆ ನಡೆದೀತು ಅಂತ ನೀವೇ ಯೋಚಿಸಿ.

ಇದಕ್ಕೆ ಪರಿಹಾರ ಕೊಟ್ಟವರೂ ಅದೇ ಅಶೀಲ್ ಬ್ರೊಕೊ. 1840ರಲ್ಲಿ ಅವರು ಪೇಟೆಂಟ್ ಪಡೆದ ವ್ಯವಸ್ಥೆಯಲ್ಲಿ ದಾರದ ಬದಲು ತೆಳ್ಳನೆ ಉಕ್ಕಿನ ಪಟ್ಟಿ ಇರುತ್ತದೆ. ಪಟ್ಟಿಯನ್ನು ಹಿಡಿದಿರುವ ಹಿತ್ತಾಳೆ ತುಂಡು ಒಂದು ಸ್ಕ್ರೂ ಮೇಲೆ ಏರುತ್ತದೆ, ಇಳಿಯುತ್ತದೆ. ಅದು ಇಳಿದಾಗ ಪಟ್ಟಿಯ ಆಡುವ ಭಾಗ ಗಿಡ್ಡವಾಗುತ್ತದೆ, ಏರಿದಾಗ ಉದ್ದವಾಗುತ್ತದೆ. ಸ್ಕ್ರೂವಿಗೆ ಸಣ್ಣ ಹಲ್ಲಿನ ಚಕ್ರ, ಅದಕ್ಕೆ ಒಂದು ಉದ್ದನೆಯ ಕಡ್ಡಿ, ಆ ಕಡ್ಡಿಯ ಚೌಕ ತುದಿ ಡಯಲ್‌ನ 12ರ ಮೇಲಿನ ತೂತಿನಲ್ಲಿ ಬಂದು ನಿಲ್ಲುತ್ತದೆ. ಕೀಲಿಯ ಸಣ್ಣ ತುದಿಯನ್ನು ಅಲ್ಲಿ ಹಾಕಿ ತಿರುಗಿಸಿದರೆ ಹಿಂದಿನ ಬಾಗಿಲು ತೆಗೆಯದೆಯೇ ವೇಗ ಹೊಂದಿಸಬಹುದು. ತೂತಿನ ಎರಡು ಪಕ್ಕದಲ್ಲಿ ಅಕ್ಷರಗಳಿವೆಯೇ ನೋಡಿ. ‘ಎ’ ಮತ್ತು ‘ಆರ್’ ಇದ್ದರೆ ಅವು ಮುಂದೆ, ಹಿಂದೆ ಅನ್ನುವ ಫ್ರೆಂಚ್ ಪದಗಳ ಮೊದಲಕ್ಷರ. ‘ಎಫ್’ ಮತ್ತು ‘ಎಸ್’ ಇದ್ದರೆ ಇಂಗ್ಲಿಷ್ ಬಲ್ಲವರ ಮಾರುಕಟ್ಟೆಗೆ ಅಂತಲೇ ಡಯಲ್ ಮಾಡಿದ್ದಾರೆ ಅಂತ ಅರ್ಥ. ಭಾರತಕ್ಕೆ ಬಂದ ಗಡಿಯಾರದಲ್ಲಿ ಎರಡನೆಯದು ಸಿಕ್ಕರೆ ಆಶ್ಚರ್ಯವಿಲ್ಲ. ಡಯಲ್ ಮೇಲೆ ಮದರಾಸಿನ ಪಿ. ಓರ್ ಅಂಡ್ ಸನ್ಸ್ ತರಹದ ಹೆಸರಿದ್ದರೆ ಅದು ಮಾರಿದ ಅಂಗಡಿಯದು, ಯಂತ್ರ ಮಾಡಿದವರದಲ್ಲ.

1840ರಲ್ಲಿ ಪೇಟೆಂಟ್ ಅಂದರೆ ಮಾರನೇ ದಿನ ಎಲ್ಲರೂ ಹಾಕಿಕೊಂಡರು ಅಂತಲ್ಲ. ಇಂಥ ಜೋಡಣೆ ಸಾಮಾನ್ಯವಾಗಿ ಕಾಣುವುದು 1850ರಿಂದ ಈಚೆಗೆ. ಅಲ್ಲದೆ ರೇಷ್ಮೆ ದಾರದ ಎಷ್ಟೋ ಗಡಿಯಾರಗಳಿಗೆ ಆಮೇಲೆ ಉಕ್ಕಿನ ಪಟ್ಟಿ ಹಾಕಿದ್ದಾರೆ. ನಿಮ್ಮದು ಹಾಗಲ್ಲ ಅಂತ ಖಚಿತ ಮಾಡಿಕೊಳ್ಳಲು ಹಿಂದಿನ ಆ ಸಣ್ಣ ಸೇತುವೆಯನ್ನೇ ನೋಡಿ. ರೇಷ್ಮೆ ದಾರ ಸುತ್ತುವ ಕಡ್ಡಿಗೆ ಇದ್ದ ಅಡ್ಡ ತೂತು, ದಾರ ಇಳಿಯುತ್ತಿದ್ದ ಸಣ್ಣ ಕಂಡಿ ಇದ್ದರೆ ಅದು ಮೊದಲು ರೇಷ್ಮೆಯದು. ಅವು ಇಲ್ಲದೆ, ಕಡ್ಡಿ ಮುಂದಿನ ಡಯಲ್‌ವರೆಗೂ ಸಲೀಸಾಗಿ ಬಂದು ತೂತಿನ ನಡುವೆ ಸರಿಯಾಗಿ ನಿಂತಿದ್ದರೆ ಅದು ಹುಟ್ಟಿನಿಂದಲೇ ಬ್ರೊಕೊ. ಮುದ್ರೆಯ 1855 ಕೂಡ ಅದನ್ನೇ ಹೇಳುತ್ತಿದೆ.

ಇನ್ನು ‘4 8’. ಇದು ಪೆಂಡುಲಂನ ಉದ್ದ. ಹಳೆಯ ಫ್ರೆಂಚ್ ಅಳತೆಯಲ್ಲಿ 4 ಪೂಸ್, 8 ಲೀನ್ಯ. ಒಂದು ಪೂಸ್ ಅಂದರೆ 27.07 ಮಿಲಿಮೀಟರ್, ಅದರ ಹನ್ನೆರಡನೇ ಒಂದು ಭಾಗ ಲೀನ್ಯ, ಅಂದರೆ ಸುಮಾರು 2.26 ಮಿಲಿಮೀಟರ್. ಹಾಗೆ ಲೆಕ್ಕ ಹಾಕಿದರೆ 108.3 ಮತ್ತು 18, ಒಟ್ಟು ಸುಮಾರು 126 ಮಿಲಿಮೀಟರ್. ಫ್ರಾನ್ಸಿನಲ್ಲಿ 1840ರಿಂದ ಮೀಟರ್ ಅಳತೆ ಕಡ್ಡಾಯವಾಗಿತ್ತು. ಅದನ್ನು ಓದಿದವರು ‘ಹಳೆ ಅಳತೆ ಇದೆ, ಆದ್ದರಿಂದ 1840ಕ್ಕಿಂತ ಹಿಂದಿನದು’ ಅಂತ ತೀರ್ಮಾನಿಸುವುದುಂಟು. ಅದು ತಪ್ಪು. ಗಡಿಯಾರದವರು ಆ ಅಳತೆಯನ್ನು ಬಿಡಲೇ ಇಲ್ಲ, ನಿಮ್ಮ ಯಂತ್ರವೇ ಅದಕ್ಕೆ ಸಾಕ್ಷಿ. ಅದರ ಮೇಲೆ 1855 ಮತ್ತು ಪೂಸ್ ಎರಡೂ ಒಟ್ಟಿಗಿವೆ.

ಈ ಸಂಖ್ಯೆ ಕಾಲ ಹೇಳದಿದ್ದರೂ ನಿಮ್ಮ ಇನ್ನೊಂದು ತೊಂದರೆಗೆ ಉತ್ತರ ಹೇಳುತ್ತದೆ. 126 ಮಿಲಿಮೀಟರ್ ಉದ್ದದ ಪೆಂಡುಲಂ ಗಂಟೆಗೆ ಸುಮಾರು 10,100 ಸಲ ಟಿಕ್ ಅನ್ನಬೇಕು, ಅಂದರೆ ನಿಮಿಷಕ್ಕೆ 168. ನಿಮ್ಮದು ದಿನಕ್ಕೆ 30 ನಿಮಿಷ ಮುಂದೆ ಓಡುತ್ತದೆ. ದಿನಕ್ಕೆ 1440 ನಿಮಿಷ, ಅದರಲ್ಲಿ 30 ಅಂದರೆ ನೂರಕ್ಕೆ ಎರಡರಷ್ಟು. ಹಾಗಾಗಿ ಈಗ ಅದು ನಿಮಿಷಕ್ಕೆ 172ರ ಹತ್ತಿರ ಬಡಿಯುತ್ತಿರಬೇಕು. ಫೋನಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ, ನಿಧಾನಕ್ಕೆ ಹಾಕಿ ಎಣಿಸಿ ನೋಡಿ. ಪೆಂಡುಲಂನ ಸಣ್ಣ ವ್ಯತ್ಯಾಸಗಳಲ್ಲಿ ಉದ್ದದ ತಪ್ಪು ಸಮಯದ ತಪ್ಪಿನ ಎರಡರಷ್ಟಿರುತ್ತದೆ. ಸಮಯ ನೂರಕ್ಕೆ ಎರಡು ತಪ್ಪಿದರೆ ಉದ್ದ ನೂರಕ್ಕೆ ನಾಲ್ಕು ತಪ್ಪಿದೆ. 126ರಲ್ಲಿ ಅದು 5 ಮಿಲಿಮೀಟರ್. ನಿಮ್ಮ ಪೆಂಡುಲಂ ಇರಬೇಕಾದದ್ದಕ್ಕಿಂತ 5 ಮಿಲಿಮೀಟರ್ ಗಿಡ್ಡ. 12ರ ಮೇಲಿನ ತೂತಿನಿಂದ ಹೊಂದಿಸಲು ಆಗುವುದು ಕೆಲವೇ ಮಿಲಿಮೀಟರ್, ಅದಕ್ಕೇ ಎಷ್ಟು ತಿರುಗಿಸಿದರೂ ಸಾಕಾಗುತ್ತಿಲ್ಲ.

ಗಿಡ್ಡವಾಗಲು ಎರಡು ಕಾರಣ ಇರಬಹುದು. ಪೆಂಡುಲಂ ಬೇರೆ ಗಡಿಯಾರದ್ದಾಗಿರಬಹುದು, ಅಥವಾ ಯಾರೋ ಮುರಿದ ಉಕ್ಕಿನ ಪಟ್ಟಿಯ ಬದಲು ಗಿಡ್ಡ ಪಟ್ಟಿ ಹಾಕಿರಬಹುದು. ಇಲ್ಲಿ ಗುಂಡಿನ ಹಿಂದಿನ 911 ನಮ್ಮ ನೆರವಿಗೆ ಬರುತ್ತದೆ. ಯಂತ್ರದ ಮೇಲೆ ಒತ್ತಿದ ಸರಣಿ ಸಂಖ್ಯೆಯನ್ನೇ ಅದರ ಪೆಂಡುಲಂ ಗುಂಡಿನ ಮೇಲೂ ಒತ್ತುವ ರೂಢಿ ಇತ್ತು. ತಟ್ಟೆಯಲ್ಲಿ 3264, ಗುಂಡಿನಲ್ಲಿ 911 ಅಂದ ಮೇಲೆ ಈ ಪೆಂಡುಲಂ ಇನ್ನೊಂದು ಗಡಿಯಾರದ್ದು. ಅದರ ಮೇಲೂ ಎರಡು ಅಂಕಿಯ ಉದ್ದದ ಗುರುತಿದ್ದರೆ, ಉದಾಹರಣೆಗೆ ‘4 6’ ಅಂತ ಇದ್ದರೆ, ಲೆಕ್ಕ ಪೂರ್ತಿ ಕೂಡುತ್ತದೆ. ಎರಡು ಲೀನ್ಯ ಅಂದರೆ ನಾಲ್ಕೂವರೆ ಮಿಲಿಮೀಟರ್. ಒಂದು ಮಾತು ನೆನಪಿರಲಿ, ಸ್ಕೇಲ್ ಹಿಡಿದು ಕೊಕ್ಕೆಯಿಂದ ಗುಂಡಿನ ತಳದವರೆಗೆ ಅಳೆದರೆ 126 ಬರುವುದಿಲ್ಲ. ಆ ಉದ್ದ ಪಟ್ಟಿ ಬಾಗುವ ಜಾಗದಿಂದ ಗುಂಡಿನ ನಡುವಿನ ಹತ್ತಿರದವರೆಗಿನ ಲೆಕ್ಕದ ಉದ್ದ. ಟಿಕ್ ಎಣಿಸುವುದೇ ನಂಬಿಕೆಯ ದಾರಿ.

3264ರಿಂದ ವರ್ಷ ಹೇಳಿಬಿಡುತ್ತೇವೆ ಅನ್ನುವವರನ್ನು ನಂಬಬೇಡಿ. ಸರಣಿ ಸಂಖ್ಯೆಯನ್ನು ನಾನು ಭಾಗಗಳನ್ನು ತಾಳೆ ನೋಡಲು ಮಾತ್ರ ಬಳಸುತ್ತೇನೆ. ಹಾಗೆಯೇ ತಟ್ಟೆಯ ಮೇಲೆ ಅಥವಾ ಡಯಲ್‌ನ ಕೆಳಗಂಚಿನಲ್ಲಿ ‘ಫ್ರಾನ್ಸ್’ ಅಥವಾ ‘ಮೇಡ್ ಇನ್ ಫ್ರಾನ್ಸ್’ ಅನ್ನುವ ಪದ ಇದೆಯೇ ಹುಡುಕಿ. 1890ರ ಅಮೆರಿಕದ ಸುಂಕದ ಕಾನೂನು ಬಂದ ಮೇಲೆ ಹೊರದೇಶಕ್ಕೆ ಹೋಗುವ ಸರಕಿನ ಮೇಲೆ ದೇಶದ ಹೆಸರು ಹಾಕುವುದು ಹೆಚ್ಚಾಯಿತು. ಆ ಪದ ಇದ್ದರೆ ನನ್ನ ಲೆಕ್ಕವನ್ನು 1890ರ ಆಚೆಗೆ ತಳ್ಳಬೇಕಾಗುತ್ತದೆ. ಇಲ್ಲದಿದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಈಗ ಎಲ್ಲ ಒಟ್ಟಿಗೆ. ಮುದ್ರೆಯಿಂದ 1855ರ ಈಚೆ. ಬ್ರೊಕೊ ಜೋಡಣೆ ಅದಕ್ಕೆ ಹೊಂದುತ್ತದೆ. ಕೌಂಟ್ ವೀಲ್ ಮತ್ತು ಬೆಲ್ ಸೇರಿ 1880ರ ದಶಕವನ್ನು ದಾಟಲು ಬಿಡುವುದಿಲ್ಲ. ಕಪ್ಪು ಕಲ್ಲಿನ ಪೆಟ್ಟಿಗೆ 1860ರಿಂದ ಹಿಡಿದು ಶತಮಾನದ ಕೊನೆಯವರೆಗೂ ತುಂಬ ಬೇಡಿಕೆಯಲ್ಲಿತ್ತು, ಹಾಗಾಗಿ ಕೆಳಗಿನ ಗಡಿಯನ್ನು ಅದು ಸ್ವಲ್ಪ ಮುಂದಕ್ಕೆ ತರುತ್ತದೆ. 1860ರಿಂದ 1885 ಅನ್ನುವುದು ಹೀಗೆ ಬಂತು. ಒಂದೇ ವರ್ಷ ಹೇಳಲೇಬೇಕು ಅಂತ ಯಾರಾದರೂ ಕೇಳಿದರೆ ‘1870ರ ಆಸುಪಾಸು’ ಅನ್ನಿ. ಅದಕ್ಕಿಂತ ಸಣ್ಣ ಲೆಕ್ಕ ಬೇಕಾದರೆ ಯಂತ್ರದ ಹೊರಗೆ ಸಾಕ್ಷಿ ಸಿಗಬೇಕು. ಮುತ್ತಾತನಿಗೆ ಯಾರಾದರೂ ಉಡುಗೊರೆ ಕೊಟ್ಟ ಬರಹ, ಹಳೆಯ ರಸೀದಿ, ಹಿಂದಿನ ರಿಪೇರಿಯವರು ತಟ್ಟೆಯ ಮೇಲೆ ಗೀಚಿದ ತಾರೀಖು ಇಂಥವು.

ಒಂದು ಸಂಶಯ ಮಾತ್ರ ಉಳಿದಿದೆ. ಪೆಂಡುಲಂ ಬೇರೆಯದು ಅಂದ ಮೇಲೆ ಯಂತ್ರವೂ ಈ ಕಲ್ಲಿನ ಪೆಟ್ಟಿಗೆಗೆ ಆಮೇಲೆ ಬಂದದ್ದೇ? ಇದನ್ನು ನೋಡುವುದು ಸುಲಭ. ಡಯಲ್‌ನ ಚೌಕಟ್ಟಿನಿಂದ ಎರಡು ಹಿತ್ತಾಳೆ ಪಟ್ಟಿಗಳು ಹಿಂದಕ್ಕೆ ಬಂದು, ಹಿಂದಿನ ಬಾಗಿಲ ಉಂಗುರಕ್ಕೆ ಎರಡು ಉದ್ದ ಸ್ಕ್ರೂಗಳಿಂದ ಬಿಗಿದಿರುತ್ತವೆ. ಪಟ್ಟಿಗಳು ನೇರವಾಗಿದ್ದು ಉದ್ದ ಸರಿಹೊಂದಿದ್ದರೆ, ಕಲ್ಲಿನ ತೂತಿಗೆ ಚೌಕಟ್ಟು ಸಂದಿಲ್ಲದೆ ಕೂತಿದ್ದರೆ ಎರಡೂ ಜೊತೆಗೇ ಹುಟ್ಟಿದವು. ಪಟ್ಟಿಯನ್ನು ಬಗ್ಗಿಸಿದ್ದರೆ, ಬೆಸುಗೆ ಹಾಕಿ ಉದ್ದ ಮಾಡಿದ್ದರೆ, ಕಲ್ಲಿನ ತೂತಿನ ಅಂಚನ್ನು ಒರಟಾಗಿ ಕೆತ್ತಿ ದೊಡ್ಡದು ಮಾಡಿದ್ದರೆ ಅಲ್ಲ. ಹಾಗಿದ್ದರೆ ನಾನು ಹೇಳಿದ ಕಾಲ ಯಂತ್ರದ್ದು ಮಾತ್ರ, ಪೆಟ್ಟಿಗೆಯದಲ್ಲ.

ಇದನ್ನೆಲ್ಲ ನೋಡುವಾಗ ಗಡಿಯಾರ ಅಲ್ಲಾಡಿಸುವ ಮುಂಚೆ ಪೆಂಡುಲಂ ಕಳಚಿಡಿ, ಇಲ್ಲದಿದ್ದರೆ ತೆಳ್ಳನೆ ಉಕ್ಕಿನ ಪಟ್ಟಿ ತಿರುಚಿಕೊಳ್ಳುತ್ತದೆ. ಆ ಎರಡು ಉದ್ದ ಸ್ಕ್ರೂ ಬಿಚ್ಚಿದರೆ ಯಂತ್ರ ಮುಂದಕ್ಕೆ ಜಾರಿ ಬೀಳುತ್ತದೆ, ಆದ್ದರಿಂದ ಒಬ್ಬರು ಮುಂದಿನಿಂದ ಹಿಡಿದಿರಲಿ. ತಟ್ಟೆಗಳನ್ನು ಹಿಡಿದಿರುವ ನಾಲ್ಕು ಕಂಬಗಳ ಪಿನ್ನುಗಳನ್ನು ಮಾತ್ರ ಮುಟ್ಟಬೇಡಿ. ಒಳಗೆ ಎರಡು ದೊಡ್ಡ ಸ್ಪ್ರಿಂಗ್ ಪೂರ್ತಿ ಬಿಗಿದು ಕೂತಿವೆ, ಅವನ್ನು ಇಳಿಸದೆ ತಟ್ಟೆ ಬಿಡಿಸಿದರೆ ಚಕ್ರದ ಹಲ್ಲೂ ಉಳಿಯುವುದಿಲ್ಲ, ಬೆರಳಿಗೂ ಅಪಾಯ. ಅದು ತರಬೇತಿ ಇರುವವರ ಕೆಲಸ.

ರಿಪೇರಿಗೆ ಕೊಡುವಾಗ ಹೀಗೆ ಹೇಳಿ: ಪೆಂಡುಲಂ 4 ಪೂಸ್ 8 ಲೀನ್ಯದ್ದು ಬೇಕು, ನಿಮಿಷಕ್ಕೆ 168 ಬಡಿತ ಬರಬೇಕು. ಸಿಗದಿದ್ದರೆ ಈಗಿರುವ 911ರ ಕಡ್ಡಿಯನ್ನು ಬೆಸೆದು ಉದ್ದ ಮಾಡುವುದು ಬೇಡ, ಸರಿಯಾದ ಉದ್ದದ ಹೊಸ ಕಡ್ಡಿಗೆ ಗುಂಡು ಹಾಕಿಸಿ, ಹಳೆಯ ಕಡ್ಡಿಯನ್ನು ಚೀಟಿ ಕಟ್ಟಿ ಪೆಟ್ಟಿಗೆಯೊಳಗೇ ಇಡಿ. ಹಿಂದಿನ ತಟ್ಟೆಯನ್ನು ಪಾಲಿಶ್ ಚಕ್ರಕ್ಕೆ ಹಿಡಿಯುವುದು ಬೇಡ ಅಂತಲೂ ಬರೆದುಕೊಡಿ. ಮುದ್ರೆ, ಸಂಖ್ಯೆ, ತೂತಿನ ಅಂಚು ಎಲ್ಲವೂ ಆ ಹೊಳಪಿನಲ್ಲಿ ಸವೆದುಹೋಗುತ್ತವೆ. ಡಯಲ್ ಬಿಚ್ಚಿದಾಗ ಮುಂದಿನ ತಟ್ಟೆಯ ಫೋಟೋ ಒಂದು ತೆಗೆಸಿಕೊಳ್ಳಿ. ಅಲ್ಲಿ ರ್‍ಯಾಕ್‌ಗೆ ಅಂತ ಕೊರೆದ ಖಾಲಿ ತೂತುಗಳಾಗಲಿ, ಹಳೆಯ ರಿಪೇರಿಯವರ ಗೀಚು ಬರಹವಾಗಲಿ ಕಂಡರೆ ಮತ್ತೆ ಬರೆಯಿರಿ, ಲೆಕ್ಕವನ್ನು ಇನ್ನಷ್ಟು ಬಿಗಿ ಮಾಡಬಹುದು.